ಡಿಟಿಎಚ್ ಬಾಕ್ಸಿನಲ್ಲಿ ರೆಕಾರ್ಡಿಂಗ್ ಮತ್ತು ಲೈವ್ ಪಾಜ್: ಯಾವ ಬಾಕ್ಸ್ ಯಾವ ಮನೆಗೆ?

ರೆಕಾರ್ಡಿಂಗ್ ಇರುವ ಸೆಟ್‌ಟಾಪ್ ಬಾಕ್ಸ್ ತಗೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಜಿಬಿ?" ಅಂತ. ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಟ್ಯೂನರ್?" ಜಿಬಿ ಕಡಿಮೆಯಾದರೆ ಹಳೆಯದನ್ನು ಅಳಿಸಬಹುದು, ದೊಡ್ಡ ಪೆನ್‌ಡ್ರೈವ್ ಹಾಕಬಹುದು. ಟ್ಯೂನರ್ ಒಂದೇ ಇದ್ದರೆ ಮಾತ್ರ ಏನು ಮಾಡಿದರೂ ಎರಡಾಗುವುದಿಲ್ಲ. ಸಂಜೆ 8 ಗಂಟೆಗೆ ಒಬ್ಬರಿಗೆ ಧಾರಾವಾಹಿ, ಇನ್ನೊಬ್ಬರಿಗೆ ಕ್ರಿಕೆಟ್ ಬೇಕಾದ ಮನೆಯಲ್ಲಿ ರೆಕಾರ್ಡಿಂಗ್ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಟ್ಯೂನರ್ ಅಂದರೆ ಬಾಕ್ಸಿನ ಕಿವಿ ಅಂದುಕೊಳ್ಳಿ. ಉಪಗ್ರಹದಿಂದ ಬರುವ ಚಾನೆಲ್‌ಗಳು ಹತ್ತು-ಇಪ್ಪತ್ತರ ಕಟ್ಟುಗಳಾಗಿ ಬೇರೆ ಬೇರೆ ಟ್ರಾನ್ಸ್‌ಪಾಂಡರ್‌ಗಳಲ್ಲಿ, ಅಂದರೆ ಉಪಗ್ರಹದ ಬೇರೆ ಬೇರೆ ಪ್ರಸಾರದ ಹಾದಿಗಳಲ್ಲಿ ಬರುತ್ತವೆ. ಒಂದು ಟ್ಯೂನರ್ ಒಂದು ಸಲಕ್ಕೆ ಒಂದೇ ಟ್ರಾನ್ಸ್‌ಪಾಂಡರ್ ಹಿಡಿಯುತ್ತದೆ. ಒಂದು ಚಾನೆಲ್ ರೆಕಾರ್ಡ್ ಆಗುತ್ತಿರುವಾಗ ಇನ್ನೊಂದನ್ನು ನೋಡಲು ಎರಡನೇ ಟ್ಯೂನರ್ ಬೇಕು. ಎರಡೂ ಚಾನೆಲ್ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿದ್ದರೆ ಕೆಲವು ಬಾಕ್ಸ್‌ಗಳು ಒಂದೇ ಟ್ಯೂನರ್‌ನಲ್ಲೂ ಅದಕ್ಕೆ ಬಿಡುತ್ತವೆ. ಆದರೆ ಅದನ್ನು ನಂಬಿ ಬಾಕ್ಸ್ ಆರಿಸಬೇಡಿ. ಕಂಪನಿಯವರು ಚಾನೆಲ್‌ಗಳನ್ನು ಒಂದು ಟ್ರಾನ್ಸ್‌ಪಾಂಡರ್‌ನಿಂದ ಇನ್ನೊಂದಕ್ಕೆ ಹೇಳದೆ ಕೇಳದೆ ಸಾಗಿಸುತ್ತಾರೆ.

ಮಾರುಕಟ್ಟೆಯಲ್ಲಿ ಸಿಗುವುದನ್ನೆಲ್ಲ ಮೂರು ಬಗೆಯಾಗಿ ನೋಡಬಹುದು. ಒಳಗೇ ಹಾರ್ಡ್‌ಡಿಸ್ಕ್ ಇರುವ ಬಾಕ್ಸ್ ಒಂದು. ಹಿಂದೆ ಯುಎಸ್‌ಬಿ ಕಿಂಡಿ ಇದ್ದು, ಪೆನ್‌ಡ್ರೈವ್ ಸಿಕ್ಕಿಸಿದರೆ ರೆಕಾರ್ಡ್ ಮಾಡುವ ಸಾಮಾನ್ಯ ಎಚ್‌ಡಿ ಬಾಕ್ಸ್ ಇನ್ನೊಂದು. ಮೂರನೆಯದು ಡಿಡಿ ಫ್ರೀ ಡಿಶ್ ಹಿಡಿಯುವ ಅಗ್ಗದ ಬಾಕ್ಸ್. ಆ್ಯಪ್‌ಗಳಿರುವ ಆಂಡ್ರಾಯ್ಡ್ ಬಾಕ್ಸ್‌ಗಳನ್ನು ಈಗ ಕಂಪನಿಗಳು ಜಾಸ್ತಿ ಮುಂದೆ ತಳ್ಳುತ್ತಿವೆ, ಆದರೆ ಅವುಗಳಲ್ಲಿ ಹಲವಕ್ಕೆ ಡಿಟಿಎಚ್ ಚಾನೆಲ್ ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ಯುಎಸ್‌ಬಿ ಕಿಂಡಿ ಕಂಡ ಮಾತ್ರಕ್ಕೆ ರೆಕಾರ್ಡಿಂಗ್ ಇದೆ ಅಂದುಕೊಳ್ಳಬೇಡಿ. ಅದು ಫೋಟೊ, ಸಿನಿಮಾ ನೋಡಲು ಇಟ್ಟ ಕಿಂಡಿಯೂ ಇರಬಹುದು.

ಒಳಗೆ ಹಾರ್ಡ್‌ಡಿಸ್ಕ್ ಇರುವ ಬಾಕ್ಸ್

ನಮ್ಮಲ್ಲಿ ಈ ಬಗೆ ಮನೆಮಾತಾಗಿದ್ದು 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂದಾಗ. ಆ ಕಂಪನಿಯ ಹೆಸರು 2022ರಿಂದ ಟಾಟಾ ಪ್ಲೇ. ಈಗ ಇಂಥ ಬಾಕ್ಸ್ ಹೊಸದಾಗಿ ಸಿಗುವುದು ಕಡಿಮೆಯಾಗಿದೆ, ಆದರೆ ರೆಕಾರ್ಡಿಂಗೇ ಮುಖ್ಯ ಅನ್ನುವವರಿಗೆ ಇದನ್ನು ಮೀರಿಸುವಂಥದು ಬಂದಿಲ್ಲ. ಕನಿಷ್ಠ ಎರಡು ಟ್ಯೂನರ್ ಇರುತ್ತವೆ. ಒಂದು ರೆಕಾರ್ಡ್ ಮಾಡುತ್ತಿದ್ದರೆ ಇನ್ನೊಂದರಲ್ಲಿ ಬೇರೆ ಚಾನೆಲ್ ನೋಡಬಹುದು.

ಲೈವ್ ಕಾರ್ಯಕ್ರಮವನ್ನು ನಿಲ್ಲಿಸಿ ಆಮೇಲೆ ಅಲ್ಲಿಂದಲೇ ನೋಡುವ ಪಾಜ್‌ನಲ್ಲೂ ಇದರದ್ದೇ ಮೇಲುಗೈ. ನೀವು ಯಾವ ಚಾನೆಲ್‌ಗೆ ಬಂದಿರೋ ಆ ಗಳಿಗೆಯಿಂದಲೇ ಅದು ಹಾರ್ಡ್‌ಡಿಸ್ಕಿನಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಪಾಜ್ ಒತ್ತದಿದ್ದರೂ ಹಿಂದಕ್ಕೆ ಹೋಗಬಹುದು. ಅಡುಗೆಮನೆಯಿಂದ ಬರುವಷ್ಟರಲ್ಲಿ ವಿಕೆಟ್ ಬಿದ್ದಿದ್ದರೆ ರಿವೈಂಡ್ ಒತ್ತಿ ನೋಡಿಕೊಳ್ಳಬಹುದು. ಯುಎಸ್‌ಬಿ ಬಾಕ್ಸ್‌ಗಳಲ್ಲಿ ಬಹುತೇಕ ಪಾಜ್ ಒತ್ತಿದ ಮೇಲೆಯೇ ತುಂಬಿಕೊಳ್ಳಲು ಶುರು. ಅದಕ್ಕಿಂತ ಮೊದಲಿನದು ಹೋದಂತೆಯೇ.

ಈ ಬಾಕ್ಸ್‌ನಲ್ಲಿ ಹೆಚ್ಚಾಗಿ ಕೈಕೊಡುವುದು ಎರಡನೇ ಕೇಬಲ್. ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ತಲೆಯೇ ಎಲ್‌ಎನ್‌ಬಿ. ಅದರಿಂದ ಒಂದು ಕೇಬಲ್‌ನಲ್ಲಿ ಒಂದು ಸಲಕ್ಕೆ ಒಂದೇ ಧ್ರುವೀಕರಣದ, ಅಂದರೆ ಅಡ್ಡ ಅಥವಾ ಉದ್ದ ಅಲೆಯ ಸಿಗ್ನಲ್ ಇಳಿದು ಬರುತ್ತದೆ. ಯಾವುದು ಬರಬೇಕು ಅನ್ನುವುದನ್ನು ಬಾಕ್ಸ್ ಅದೇ ಕೇಬಲ್‌ನಲ್ಲಿ 13 ವೋಲ್ಟ್ ಅಥವಾ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಗೆ ಹೇಳುತ್ತದೆ. ಎರಡು ಟ್ಯೂನರ್ ಬೇರೆ ಬೇರೆ ಕೇಳಬೇಕಾದರೆ ಎರಡು ಕೇಬಲ್, ಎರಡು ಬಾಯಿಯ ಎಲ್‌ಎನ್‌ಬಿ ಬೇಕು. ಗೋಡೆಯಲ್ಲಿ ಇನ್ನೊಂದು ತೂತು ಕೊರೆಯುವುದು ಬೇಡವೆಂದು ಬಾಕ್ಸ್ ಹಾಕಲು ಬಂದ ಹುಡುಗರು ಒಂದೇ ಕೇಬಲ್ ತಂದು ಕೊನೆಯಲ್ಲಿ ಸ್ಪ್ಲಿಟರ್ ಹಾಕಿ ಹೋಗುವುದುಂಟು. ಆಗ ಎರಡೂ ಟ್ಯೂನರ್ ಒಂದೇ ತಂತಿಯಲ್ಲಿ ಬೇರೆ ಬೇರೆ ವೋಲ್ಟೇಜ್ ಕಳಿಸುತ್ತವೆ, ಹೆಚ್ಚಿನ ವೋಲ್ಟೇಜ್ ಕಳಿಸಿದ್ದು ಗೆಲ್ಲುತ್ತದೆ. ಒಂದೇ ಕೇಬಲ್‌ನಲ್ಲಿ ಎಲ್ಲವನ್ನೂ ಕಳಿಸುವ ವಿಶೇಷ ಎಲ್‌ಎನ್‌ಬಿಗಳೂ ಇವೆ, ಆದರೆ ಅದಕ್ಕೆ ಬಾಕ್ಸ್ ಕೂಡ ಹೊಂದಬೇಕು.

ಎರಡನೇ ಕೇಬಲ್ ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ನೋಡುವಾಗ ಎಲ್ಲ ಚಾನೆಲ್ ಸರಿ, ರೆಕಾರ್ಡ್ ಮಾಡಿದ್ದು ಮಾತ್ರ ಕೆಲವು ಖಾಲಿ, ಕೆಲವು ಸರಿ. ಹೀಗಾದರೆ ಕೂಡಲೇ ಹಾರ್ಡ್‌ಡಿಸ್ಕ್ ಮೇಲೆ ಅನುಮಾನ ಪಡಬೇಡಿ. ಬಾಕ್ಸನ್ನು ಸ್ವಿಚ್‌ನಲ್ಲೇ ಆರಿಸಿ, ಹಿಂದಿನ ಎರಡು ಕೇಬಲ್ ಅದಲುಬದಲು ಮಾಡಿ, ಮತ್ತೆ ಹಾಕಿ. ಈಗ ನೋಡುವ ಚಾನೆಲ್‌ಗಳೇ ಮಾಯವಾಗಲು ಶುರುವಾದರೆ ಕೇಬಲ್, ಅದರ ತುದಿಯ ಕನೆಕ್ಟರ್ ಅಥವಾ ಎಲ್‌ಎನ್‌ಬಿಯ ಆ ಬಾಯಿ ಕೆಟ್ಟಿದೆ. ಮಳೆಗಾಲದ ನಂತರ ಕನೆಕ್ಟರ್ ಒಳಗೆ ನೀರು ಇಳಿದು ತಾಮ್ರ ಹಸಿರು ಹಿಡಿಯುವುದೇ ಮಾಮೂಲಿ ಕಾರಣ.

ಹಾರ್ಡ್‌ಡಿಸ್ಕ್ ಕೆಡುವ ಲಕ್ಷಣ ಬೇರೆ. ಲೈವ್ ಚಿತ್ರವೂ ಡಿಸ್ಕ್ ಮೂಲಕವೇ ಹಾದು ಬರುವುದರಿಂದ, ಸಿಗ್ನಲ್ ಪಟ್ಟಿ ಪೂರ್ತಿ ಇದ್ದರೂ ಚಿತ್ರ ಕೆಲವು ಸೆಕೆಂಡ್ ನಿಂತು ಮುಂದೆ ಹೋಗುತ್ತದೆ. ಮಳೆಯಿಂದ ಸಿಗ್ನಲ್ ಕೆಟ್ಟರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಡಿಸ್ಕ್ ಕೆಟ್ಟರೆ ಚಿತ್ರ ಒಡೆಯದೆ ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ದಿನವಿಡೀ ತಿರುಗುವ ಡಿಸ್ಕ್ ಬಿಸಿಯಾಗುತ್ತದೆ, ಆದ್ದರಿಂದ ಗಾಜಿನ ಬಾಗಿಲಿನ ಶೋಕೇಸ್ ಒಳಗೆ, ಮೇಲೆ ಕಸೂತಿ ಬಟ್ಟೆ ಹೊದಿಸಿ ಇಡಬೇಡಿ.

ಯುಎಸ್‌ಬಿ ಬಾಕ್ಸ್: ಅಗ್ಗ, ಆದರೆ ಒಂದೇ ಕಿವಿ

ಹೆಚ್ಚಿನ ಮನೆಗಳಲ್ಲಿ ಈಗಾಗಲೇ ಇರುವುದು ಇದೇ. ಬಾಕ್ಸಿನ ಹಿಂದೆ ನೋಡಿ. `LNB IN` ಅಂತ ಒಂದೇ ಕಿಂಡಿ ಇದ್ದು, ಪಕ್ಕದಲ್ಲಿ `LOOP OUT` ಅಂತ ಇನ್ನೊಂದು ಇರಬಹುದು. ಆ ಎರಡನೆಯದನ್ನು ನೋಡಿ ಎರಡು ಟ್ಯೂನರ್ ಇದೆ ಅಂದುಕೊಳ್ಳುವವರು ಬಹಳ. ಅದು ಸಿಗ್ನಲ್ಲನ್ನು ಹೊರಕ್ಕೆ ಇನ್ನೊಂದು ಬಾಕ್ಸಿಗೆ ಕೊಡುವ ಕಿಂಡಿ ಅಷ್ಟೆ. ಒಂದು ಟ್ಯೂನರ್ ಇದ್ದರೆ ರೆಕಾರ್ಡ್ ಆಗುವಾಗ ನೀವು ಅದೇ ಚಾನೆಲ್ ನೋಡಬೇಕು, ಇಲ್ಲವೇ ಮೊದಲೇ ರೆಕಾರ್ಡ್ ಆಗಿರುವುದನ್ನು ಹಾಕಿಕೊಂಡು ನೋಡಬಹುದು. ಚಾನೆಲ್ ಬದಲಿಸಲು ಹೋದರೆ "ರೆಕಾರ್ಡಿಂಗ್ ನಿಲ್ಲಿಸಬೇಕೇ?" ಅಂತ ಕೇಳುತ್ತದೆ. ರಿಮೋಟ್ ಮಕ್ಕಳ ಕೈಯಲ್ಲಿದ್ದರೆ ಉತ್ತರ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಮೊದಲ ಸಲ ಪೆನ್‌ಡ್ರೈವ್ ಸಿಕ್ಕಿಸಿದಾಗ ಬಾಕ್ಸ್ ಅದನ್ನು ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಒಪ್ಪಿದರೆ ಅದರಲ್ಲಿದ್ದ ಮದುವೆ ಫೋಟೊ, ಹಾಡು ಎಲ್ಲ ಹೋಗುತ್ತವೆ. ರೆಕಾರ್ಡಿಂಗಿಗೆಂದೇ ಬೇರೆ ಡ್ರೈವ್ ಇಡಿ. ಕೆಲವು ಕಂಪನಿಗಳಲ್ಲಿ ರೆಕಾರ್ಡಿಂಗ್ ಸೌಲಭ್ಯ ಚಾಲೂ ಮಾಡಿಸಲು ಬೇರೆ ಶುಲ್ಕ ಕೇಳಬಹುದು, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಪೆನ್‌ಡ್ರೈವ್ ತೆಗೆದಿಟ್ಟರೆ ರೆಕಾರ್ಡಿಂಗ್ ಜತೆಗೆ ಪಾಜ್ ಕೂಡ ಹೋಗುತ್ತದೆ, ಯಾಕೆಂದರೆ ನಿಲ್ಲಿಸಿದ ಭಾಗ ಉಳಿಯಬೇಕಾದ್ದು ಅದರಲ್ಲೇ.

ಎಂಥ ಡ್ರೈವ್? ಲೆಕ್ಕ ಸುಲಭ. ಚಾನೆಲ್‌ನ ಬಿಟ್‌ರೇಟನ್ನು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ ತಗೊಂಡು 0.45ರಿಂದ ಗುಣಿಸಿದರೆ ಒಂದು ಗಂಟೆಗೆ ಎಷ್ಟು ಜಿಬಿ ಅಂತ ಸಿಗುತ್ತದೆ. ಎಸ್‌ಡಿ ಚಾನೆಲ್ ಸುಮಾರು 2 ಮೆಗಾಬಿಟ್ ಅಂದರೆ ಗಂಟೆಗೆ 0.9 ಜಿಬಿ. ಎಚ್‌ಡಿ ಚಾನೆಲ್ ಸುಮಾರು 8 ಮೆಗಾಬಿಟ್ ಆದರೆ ಗಂಟೆಗೆ 3.6 ಜಿಬಿ. 32 ಜಿಬಿ ಡ್ರೈವಿನಲ್ಲಿ ನಿಜವಾಗಿ ಸಿಗುವುದು 29 ಜಿಬಿಯಷ್ಟು, ಅಂದರೆ ಎಚ್‌ಡಿ ಎಂಟು ಗಂಟೆ.

ಈ ಲೆಕ್ಕದ ಪ್ರಕಾರ ಎಚ್‌ಡಿ ರೆಕಾರ್ಡಿಂಗಿಗೆ ಸೆಕೆಂಡಿಗೆ ಬರೀ 1 ಮೆಗಾಬೈಟ್ ಬರೆದರೆ ಸಾಕು. ಹಾಗಿದ್ದೂ ಅಗ್ಗದ ಪೆನ್‌ಡ್ರೈವ್‌ನಲ್ಲಿ ಚಿತ್ರ ತೊದಲುವುದೇಕೆ? ಪಾಜ್ ಮಾಡಿ ತಡವಾಗಿ ನೋಡುವಾಗ ಡ್ರೈವ್ ಒಂದೇ ಸಮಯಕ್ಕೆ ಬರೆಯಬೇಕು, ಓದಲೂ ಬೇಕು. ಕಳಪೆ ಡ್ರೈವ್‌ಗಳು ಒಳಗೆ ಹಳೆಯ ಜಾಗ ಅಳಿಸಿಕೊಳ್ಳಲು ನಡುನಡುವೆ ಒಂದೆರಡು ಸೆಕೆಂಡ್ ನಿಂತುಬಿಡುತ್ತವೆ. ಬರೀ ರೆಕಾರ್ಡ್ ಮಾಡುವಾಗ ಬಾಕ್ಸ್ ಅದನ್ನು ಹೇಗೋ ಸುಧಾರಿಸಿಕೊಳ್ಳುತ್ತದೆ, ಪಾಜ್‌ನಲ್ಲಿ ಸಿಕ್ಕಿಬೀಳುತ್ತದೆ. ಹೆಸರಿರುವ ಕಂಪನಿಯ ಯುಎಸ್‌ಬಿ 3.0 ಡ್ರೈವ್ ಹಾಕಿ. ಬಾಕ್ಸಿನ ಕಿಂಡಿ 2.0 ಆಗಿದ್ದರೂ ಅದು ನಡೆಯುತ್ತದೆ, ಮತ್ತು ಆ ತೊದಲು ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಪೆನ್‌ಡ್ರೈವ್ ಬದಲು ಪೋರ್ಟಬಲ್ ಹಾರ್ಡ್‌ಡಿಸ್ಕ್ ಹಾಕಿದರೆ ಕರೆಂಟಿನ ತಕರಾರು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರು ಮಾಡುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಟಿಕ್ ಟಿಕ್ ಸದ್ದು ಬಂದು, ಡ್ರೈವ್ ಒಮ್ಮೆ ಕಾಣಿಸಿಕೊಂಡು ಮತ್ತೆ ಮಾಯವಾದರೆ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ ನೋಡಿ.

ಫ್ರೀ ಡಿಶ್ ಬಾಕ್ಸ್

ಡಿಡಿ ಚಂದನ, ಸುದ್ದಿ, ಹಳೆಯ ಸಿನಿಮಾ ಇಷ್ಟರಲ್ಲೇ ತೃಪ್ತಿ ಇರುವವರಿಗೆ ಇದರಲ್ಲಿ ಒಂದು ದೊಡ್ಡ ಲಾಭವಿದೆ. ಲಾಕ್ ಇಲ್ಲದೆ ಬರುವ ಚಾನೆಲ್‌ಗಳ ರೆಕಾರ್ಡಿಂಗೂ ಲಾಕ್ ಇಲ್ಲದೆ ಉಳಿಯುತ್ತದೆ. ಡ್ರೈವ್ ತೆಗೆದು ಕಂಪ್ಯೂಟರಿಗೆ ಹಾಕಿದರೆ `.ts` ಅಥವಾ ಅಂಥದೇ ಬಾಲದ ಫೈಲ್‌ಗಳು ಕಾಣುತ್ತವೆ, ವಿಎಲ್‌ಸಿಯಲ್ಲಿ ಓಡುತ್ತವೆ. ನಿಮ್ಮ ಊರಿನ ಯಕ್ಷಗಾನ ಮೇಳ ಚಂದನದಲ್ಲಿ ಬಂದರೆ ಇಟ್ಟುಕೊಳ್ಳಲು ಇದೇ ದಾರಿ.

ತೊಂದರೆ ಟೈಮರ್‌ನಲ್ಲಿ. ಅಗ್ಗದ ಬಾಕ್ಸ್‌ಗಳಲ್ಲಿ ಕಾರ್ಯಕ್ರಮದ ಹೆಸರು ಆರಿಸಿ ರೆಕಾರ್ಡ್ ಹಾಕುವುದು ಕಷ್ಟ, ಚಾನೆಲ್ ಮತ್ತು ಗಂಟೆ ಕೊಡಬೇಕು. ಬಾಕ್ಸ್ ಗಡಿಯಾರವನ್ನು ಉಪಗ್ರಹದಿಂದ ತಗೊಳ್ಳುತ್ತದೆ, ಆದರೆ ಅದು ಗ್ರೀನ್‌ವಿಚ್ ಸಮಯ. ಮೆನುವಿನ ಸಮಯದ ಪುಟದಲ್ಲಿ `GMT +5:30` ಇಡದಿದ್ದರೆ ರಾತ್ರಿ 8ಕ್ಕೆ ಹಾಕಿದ ಟೈಮರ್ ನಡುರಾತ್ರಿ ಕಳೆದು 1:30ಕ್ಕೆ ಎದ್ದು ಕೂರುತ್ತದೆ. ತೆರೆಯ ಮೇಲಿನ ಗಡಿಯಾರ ಗೋಡೆಯ ಗಡಿಯಾರಕ್ಕೆ ಹೊಂದುತ್ತದೆಯೇ ಅಂತ ನೋಡಿಕೊಂಡೇ ಟೈಮರ್ ಹಾಕಿ. ಇನ್ನೊಂದು, ಫ್ರೀ ಡಿಶ್‌ನ ಜಾಗಗಳು ಹರಾಜಿನಲ್ಲಿ ಹೋಗುವುದರಿಂದ ಏಪ್ರಿಲ್ ಸುಮಾರಿಗೆ ಚಾನೆಲ್‌ಗಳು ಅಡ್ಡಾದಿಡ್ಡಿಯಾಗುತ್ತವೆ. ಆಟೊ ಸ್ಕ್ಯಾನ್ ಮಾಡಿದ ಮೇಲೆ ಹಳೆಯ ಟೈಮರ್‌ಗಳನ್ನು ಅಳಿಸಿ ಹೊಸದಾಗಿ ಹಾಕಬೇಕು, ಇಲ್ಲವಾದರೆ ಚಂದನದ ಬದಲು ಭೋಜಪುರಿ ಸಿನಿಮಾ ರೆಕಾರ್ಡ್ ಆಗಿರುತ್ತದೆ.

ಹಾಗೆಯೇ ಎಫ್‌ಎಟಿ32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಒಳ್ಳೆಯ ಬಾಕ್ಸ್ ಫೈಲನ್ನು ತುಂಡು ಮಾಡಿ ಮುಂದುವರಿಯುತ್ತದೆ, ಕಳಪೆಯದು ಅಲ್ಲಿಗೇ ನಿಲ್ಲಿಸುತ್ತದೆ. ರಾತ್ರಿಯಿಡೀ ಹಾಕಿದ ರೆಕಾರ್ಡ್ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಲ್ಲುತ್ತಿದ್ದರೆ ಫೈಲಿನ ಗಾತ್ರ ನೋಡಿ.

ರೆಕಾರ್ಡಿಂಗ್ ನಿಮ್ಮದಲ್ಲ, ಬಾಕ್ಸಿನದು

ಹಣ ಕೊಡುವ ಡಿಟಿಎಚ್‌ನಲ್ಲಿ ಮಾಡಿದ ರೆಕಾರ್ಡಿಂಗ್ ಆ ಬಾಕ್ಸಿಗೆ ಕಟ್ಟಿಹಾಕಿದ್ದು. ಪೆನ್‌ಡ್ರೈವ್ ಕಂಪ್ಯೂಟರಿಗೆ ಹಾಕಿದರೆ ಫೈಲ್ ಕಂಡರೂ ಓಡುವುದಿಲ್ಲ. ಅದೇ ಕಂಪನಿಯ, ಅದೇ ಮಾದರಿಯ ಪಕ್ಕದ ಮನೆಯ ಬಾಕ್ಸಿಗೆ ಹಾಕಿದರೂ ಓಡುವುದಿಲ್ಲ, ಬೀಗದ ಕೈ ಬಾಕ್ಸಿನೊಳಗೆ ಇರುತ್ತದೆ. ಬಾಕ್ಸ್ ಕೆಟ್ಟು ಬದಲಿಸಿದ ದಿನ ಹಳೆಯ ರೆಕಾರ್ಡಿಂಗ್ ಎಲ್ಲ ಹೋಯಿತು. ರೀಚಾರ್ಜ್ ಮುಗಿದಾಗಲೂ ಸಾಮಾನ್ಯವಾಗಿ ಅವು ತೆರೆಯುವುದಿಲ್ಲ. ಮಗಳ ನೃತ್ಯ ರಿಯಾಲಿಟಿ ಷೋನಲ್ಲಿ ಬಂದಿದೆ, ವರ್ಷಗಟ್ಟಲೆ ಇಟ್ಟುಕೊಳ್ಳಬೇಕು ಅನ್ನುವವರು ಇದನ್ನು ನಂಬಬಾರದು. ಒಂದೆರಡು ವಾರದೊಳಗೆ ನೋಡಿ ಅಳಿಸುವ ಕೆಲಸಕ್ಕೆ ಮಾತ್ರ ಇದು.

ಒಂದು ಮನೆಯ ಲೆಕ್ಕ

ಸಾಗರದ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳಿ. ಒಂದೇ ಟಿವಿ, ಒಂದು ಟ್ಯೂನರ್‌ನ ಯುಎಸ್‌ಬಿ ಬಾಕ್ಸ್. ಅಮ್ಮನಿಗೆ ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ 8ರ ಧಾರಾವಾಹಿ ಬೇಕು. ಮಗನಿಗೆ 7:30ಕ್ಕೆ ಶುರುವಾಗುವ ಐಪಿಎಲ್. ಮ್ಯಾಚ್ ಲೈವ್ ನೋಡುತ್ತಾ 8ರ ಧಾರಾವಾಹಿ ರೆಕಾರ್ಡ್ ಮಾಡಲು ಈ ಬಾಕ್ಸಿನಲ್ಲಿ ಆಗದು. ಆದರೆ ಸಂಜೆಯ ಧಾರಾವಾಹಿಗಳ ಮರುಪ್ರಸಾರ ಸಾಮಾನ್ಯವಾಗಿ ಮರುದಿನ ಹಗಲಿನಲ್ಲಿ ಇರುತ್ತದೆ, ಆ ಹೊತ್ತಿಗೆ ಟಿವಿಯ ಮುಂದೆ ಯಾರೂ ಇರುವುದಿಲ್ಲ. ತೆರೆಯ ಮೇಲಿನ ಕಾರ್ಯಕ್ರಮಗಳ ಗೈಡ್ ತೆರೆದು ಅದೇ ಹೆಸರನ್ನು ಮರುದಿನ ಹುಡುಕಿ, ಆ ಸಮಯಕ್ಕೆ ರೆಕಾರ್ಡ್ ಹಾಕಿದರೆ ಜಗಳ ಮುಗಿಯಿತು. ಅಮ್ಮ ಒಂದು ದಿನ ತಡವಾಗಿ ನೋಡಬೇಕಾಗುತ್ತದೆ. ಅದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಮಾತ್ರ ಎರಡು ಟ್ಯೂನರ್‌ನ ಬಾಕ್ಸಿಗೆ ದುಡ್ಡು ಹಾಕಿ.

ಜಾಗದ ಲೆಕ್ಕ: ಧಾರಾವಾಹಿ ವಾರಕ್ಕೆ ಎರಡೂವರೆ ಗಂಟೆ, ಎಚ್‌ಡಿಯಲ್ಲಿ 9 ಜಿಬಿ. ಅದನ್ನೇ ಎಸ್‌ಡಿ ಚಾನೆಲ್‌ನಿಂದ ಹಾಕಿದರೆ ಎರಡೂಕಾಲು ಜಿಬಿ. ಇದರ ಜತೆ ಮನೆಯಲ್ಲಿಲ್ಲದ ದಿನದ ಎರಡು ಮ್ಯಾಚ್ ರೆಕಾರ್ಡ್ ಹಾಕಿದರೆ, ನಾಲ್ಕೂವರೆ ಗಂಟೆಯಂತೆ ಒಂಬತ್ತು ಗಂಟೆ, 32 ಜಿಬಿ ದಾಟಿತು. 64 ಜಿಬಿ ಡ್ರೈವ್ ಈ ಮನೆಗೆ ಸರಿ. ಡ್ರೈವ್ ತುಂಬಿದಾಗ ಕೆಲವು ಬಾಕ್ಸ್ ಹಳೆಯದನ್ನು ತಾನೇ ಅಳಿಸುತ್ತದೆ, ಕೆಲವು ಹೊಸದನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ನಿಮ್ಮದು ಯಾವುದು ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ.

ಮ್ಯಾಚ್ ರೆಕಾರ್ಡ್ ಮಾಡುವಾಗ ಕೊನೆಗೆ 30 ನಿಮಿಷ ಹೆಚ್ಚಿಗೆ ಸೇರಿಸಿ. ಗೈಡ್‌ನಲ್ಲಿ ಬರೆದ ಹೊತ್ತಿಗೆ ಬಾಕ್ಸ್ ನಿಲ್ಲಿಸುತ್ತದೆ, ಆಟ ಮುಗಿಯುವುದನ್ನು ಕಾಯುವುದಿಲ್ಲ. ಮಳೆ ಬಂದು ತಡವಾದ ದಿನ ಕೊನೆಯ ಓವರ್ ಹೋಗುವುದು ಹೀಗೆಯೇ. ಧಾರಾವಾಹಿಗೆ ಶುರುವಿಗೆ ಮೊದಲು 2, ಕೊನೆಗೆ 5 ನಿಮಿಷ ಸಾಕು. ಆದರೆ ಒಂದೇ ಟ್ಯೂನರ್‌ನಲ್ಲಿ ಒಂದರ ಹಿಂದೆ ಒಂದು ಬೇರೆ ಚಾನೆಲ್‌ಗಳ ರೆಕಾರ್ಡ್ ಹಾಕಿದ್ದರೆ ಈ ಹೆಚ್ಚಿನ ನಿಮಿಷಗಳೇ ಒಂದರ ಮೇಲೊಂದು ಬಿದ್ದು, ಎರಡನೆಯದನ್ನು ಬಾಕ್ಸ್ ತಿರಸ್ಕರಿಸುತ್ತದೆ. ಅಲ್ಲಿ ಮಾತ್ರ ಸೊನ್ನೆ ಇಡಿ.

ಈಗ ಪಾಜ್. ಮ್ಯಾಚ್ ನಡುವೆ 8:05ಕ್ಕೆ ಫೋನ್ ಬಂತು, ಪಾಜ್ ಒತ್ತಿ 8:25ಕ್ಕೆ ಪ್ಲೇ ಒತ್ತಿದರು. ಇಲ್ಲಿಂದ ಅವರು 20 ನಿಮಿಷ ಹಿಂದೆ. ಗಂಟೆಗೆ 12 ನಿಮಿಷ ಜಾಹೀರಾತು ಅನ್ನುವುದು ನಿಯಮದ ಮಿತಿ. ಅದನ್ನಷ್ಟೇ ಓಡಿಸಿಬಿಟ್ಟರೂ ಲೈವ್ ಹಿಡಿಯಲು ಒಂದು ಗಂಟೆ ಇಪ್ಪತ್ತು ನಿಮಿಷವಾದರೂ ಬೇಕು. ಇನ್ನಿಂಗ್ಸ್ ನಡುವಿನ ವಿರಾಮವನ್ನು ಹಾರಿಸಿದರೆ ಒಮ್ಮೆಲೇ ಹಿಡಿಯಬಹುದು. ಈ ಮಧ್ಯೆ ಚಾನೆಲ್ ಬದಲಿಸಿದರೆ ಕೂಡಿಟ್ಟ 20 ನಿಮಿಷ ಅಳಿಸಿಹೋಗುತ್ತದೆ, ವಾಪಸ್ ಬಂದಾಗ ನೇರ ಲೈವ್‌ಗೇ ಬಂದಿರುತ್ತೀರಿ. ಸ್ಕೋರ್ ನೋಡಲು ಸುದ್ದಿ ಚಾನೆಲ್‌ಗೆ ಹೋಗಿಬರುವವರು ಇದನ್ನು ಕಳೆದುಕೊಳ್ಳುತ್ತಾರೆ. ಪಕ್ಕದ ಮನೆಯ ಕೂಗಿಗೆ ಮಾತ್ರ ಯಾವ ಬಾಕ್ಸಿನಲ್ಲೂ ಪಾಜ್ ಇಲ್ಲ.

ಕರೆಂಟ್

ರೆಕಾರ್ಡ್ ಆಗಲು ಟಿವಿ ಹಾಕಿರಬೇಕಾಗಿಲ್ಲ. ಬಾಕ್ಸ್ ರಿಮೋಟ್‌ನಲ್ಲಿ ಆರಿಸಿ ಕೆಂಪು ದೀಪದಲ್ಲಿದ್ದರೂ ಸಮಯಕ್ಕೆ ತಾನೇ ಏಳುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಮಾತ್ರ ಏಳುವುದಿಲ್ಲ. ಮಲಗುವಾಗ ಎಲ್ಲ ಸ್ವಿಚ್ ಆರಿಸುವ ಅಭ್ಯಾಸವಿರುವ ಮನೆಯಲ್ಲಿ, ಸಿಡಿಲಿನ ಕಾಲಕ್ಕೆ ಕೇಬಲ್ ಕಿತ್ತಿಡುವ ಮಲೆನಾಡಿನಲ್ಲಿ, ಟೈಮರ್ ವಿಫಲವಾಗುವ ಮೊದಲ ಕಾರಣ ಇದು. ಸಿಡಿಲಿದ್ದರೆ ಕಿತ್ತಿಡುವುದೇ ಸರಿ, ಮರುಪ್ರಸಾರ ಹುಡುಕಿ.

ಕರೆಂಟ್ ಹೋಗಿ ಬಂದರೆ ಬಾಕ್ಸ್ ಮತ್ತೆ ಶುರುವಾಗಲು ಕೆಲವು ನಿಮಿಷ ಹಿಡಿಯುತ್ತದೆ, ರೆಕಾರ್ಡಿಂಗ್ ಎರಡು ತುಂಡಾಗುತ್ತದೆ ಇಲ್ಲವೇ ಮುಂದುವರಿಯುವುದೇ ಇಲ್ಲ. ಪಾಜ್‌ನಲ್ಲಿದ್ದುದು ಉಳಿಯುವುದಿಲ್ಲ. ಮನೆಯ ಇನ್ವರ್ಟರ್ ಬದಲಾಗುವ ಆ ಕ್ಷಣಕ್ಕೇ ಕೆಲವು ಬಾಕ್ಸ್ ರೀಸ್ಟಾರ್ಟ್ ಆಗುತ್ತವೆ. 12 ವೋಲ್ಟ್ ಅಡಾಪ್ಟರ್‌ನ ಬಾಕ್ಸ್ ಆಗಿದ್ದರೆ ವೈಫೈ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಸಾಕಾಗಬಹುದು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಪಿನ್‌ನ ಪ್ಲಸ್-ಮೈನಸ್ ಹೊಂದಬೇಕು, ಯುಪಿಎಸ್ ಕೊಡುವ ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಡಿಶ್‌ನ ಎಲ್‌ಎನ್‌ಬಿಗೆ ಕರೆಂಟ್ ಬಾಕ್ಸಿನಿಂದಲೇ ಹೋಗುವುದರಿಂದ ಅದಕ್ಕೆ ಬೇರೆ ಏರ್ಪಾಡು ಬೇಡ.

ಹಾಕಲು ಬಂದವರು ಹೊರಡುವ ಮೊದಲು

ಎರಡು ಟ್ಯೂನರ್‌ನ ಬಾಕ್ಸ್ ಆಗಿದ್ದರೆ ಒಂದು ಚಾನೆಲ್ ರೆಕಾರ್ಡ್ ಹಾಕಿ, ಬೇರೆ ಬೇರೆ ಭಾಷೆಯ, ಕ್ರೀಡೆಯ, ಸುದ್ದಿಯ ಹತ್ತು ಚಾನೆಲ್ ತಿರುಗಿಸಿ ನೋಡಿ. ಎಲ್ಲ ಬಂದರೆ ಎರಡು ಟ್ಯೂನರ್, ಎರಡು ಕೇಬಲ್ ಎರಡೂ ಸರಿ. ನಂತರ ಐದು ನಿಮಿಷ ಪಾಜ್‌ನಲ್ಲಿಟ್ಟು, ಪ್ಲೇ ಮಾಡಿ, ಲೈವ್‌ಗಿಂತ ಹಿಂದೆ ಇರುವಾಗಲೇ ರೆಕಾರ್ಡ್ ಒತ್ತಿ. ಕೆಲವು ಬಾಕ್ಸ್‌ಗಳು ಕೂಡಿಟ್ಟ ಭಾಗವನ್ನೂ ಸೇರಿಸಿ ಉಳಿಸುತ್ತವೆ, ಕೆಲವು ಲೈವ್‌ನಿಂದ ಮುಂದಕ್ಕೆ ಮಾತ್ರ. ಪಾಜ್ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದನ್ನು ಒಂದು ರಜೆಯ ಮಧ್ಯಾಹ್ನ ಪಾಜ್ ಒತ್ತಿ ಬಿಟ್ಟು ನೋಡಿ. ಮಿತಿ ಮುಟ್ಟಿದಾಗ ಬಾಕ್ಸ್ ತಾನೇ ಓಡಲು ಶುರು ಮಾಡುತ್ತದೆ ಅಥವಾ ಲೈವ್‌ಗೆ ಹಾರುತ್ತದೆ, ಆಗ ಗಡಿಯಾರ ನೋಡಿಕೊಂಡರೆ ಆಯಿತು.